ಸಹಾಯ ಬೇಕು: ಸ್ಮಿಯರ್‌ನಲ್ಲಿ ಕಾಣುತ್ತಿರುವ ಬರ್ ಸೆಲ್‌ಗಳು ನಿಜವೋ, ತಯಾರಿಯ ದೋಷವೋ?

ಲ್ಯಾಬ್ ಮಿತ್ರರಿಗೆ ನಮಸ್ಕಾರ. ಕಿಡ್ನಿ ತೊಂದರೆಯಿರುವ ರೋಗಿಯೊಬ್ಬರ ಸ್ಮಿಯರ್‌ನಲ್ಲಿ ಹೆಚ್ಚಿನ ಕೆಂಪು ಕಣಗಳ ಅಂಚಿನ ಸುತ್ತ ಸಣ್ಣ, ಒಂದೇ ಅಳತೆಯ ಮುಳ್ಳುಗಳಿವೆ. ನಡುವಿನ ತಿಳಿಬಣ್ಣ ಹಾಗೇ ಇದೆ. ಆದ್ದರಿಂದ ಅಕ್ಯಾಂಥೋಸೈಟ್ ಅಲ್ಲ ಅನ್ನಿಸುತ್ತದೆ. ಅದರಲ್ಲಿ ಮುಳ್ಳುಗಳು ಕಡಿಮೆ, ಉದ್ದ ಹೆಚ್ಚುಕಡಿಮೆ, ಕಣವೂ ಗಾಢವಾಗಿರುತ್ತದೆ.

ಅನುಮಾನಕ್ಕೆ ಕಾರಣ ಇದು: ಬೆಳಿಗ್ಗೆ 7ಕ್ಕೆ ಇಡಿಟಿಎ ಟ್ಯೂಬಿಗೆ ತೆಗೆದ ರಕ್ತದಿಂದ ಸ್ಮಿಯರ್ ಎಳೆದದ್ದು ಮಧ್ಯಾಹ್ನ 2ಕ್ಕೆ. ಟ್ಯೂಬ್ ಹೊರಗೇ ಇತ್ತು. ಅಷ್ಟು ಹೊತ್ತು ನಿಂತ ರಕ್ತದಲ್ಲಿ ಕಣದ ಎಟಿಪಿ ಇಳಿದು, ಆರೋಗ್ಯವಂತರ ಕಣಗಳೂ ಹೀಗೇ ಮುಳ್ಳಾಗುತ್ತವೆ. ಮಳೆಗಾಲವಾದ್ದರಿಂದ ಸ್ಲೈಡ್ ಒಣಗಿದ್ದೂ ನಿಧಾನ. ಲೀಶ್‌ಮನ್ ಬಣ್ಣ 2 ನಿಮಿಷ, ನಂತರ ಎರಡರಷ್ಟು 6.8 ಪಿಎಚ್ ಬಫರ್ ಸೇರಿಸಿ 10 ನಿಮಿಷ ಇಟ್ಟಿದ್ದೆ. ನೋಡಿದ್ದು ಬಾಲದ ತುದಿಯಲ್ಲಲ್ಲ, ಕಣಗಳು ಒಂದಕ್ಕೊಂದು ಆಗಷ್ಟೇ ತಾಕುವ ಜಾಗದಲ್ಲಿ, ಎಣ್ಣೆಯ 100ಎಕ್ಸ್‌ನಲ್ಲಿ.

ಅದೇ ಹೊತ್ತಿಗೆ ತೆಗೆದ, ಅಷ್ಟೇ ಹೊತ್ತು ಹೊರಗಿದ್ದ ಇನ್ನೊಬ್ಬರ ಟ್ಯೂಬಿನಿಂದಲೂ ಒಂದು ಸ್ಲೈಡ್ ಮಾಡಿದೆ. ಅದರಲ್ಲೂ ಮುಳ್ಳುಗಳಿವೆ, ಆದರೆ ಕಡಿಮೆ. ಅಂದರೆ ತಡವಾದದ್ದರ ಪಾಲಂತೂ ಇದೆ. ಪೂರ್ತಿ ಅದೇನಾ ಎಂಬುದೇ ಗೊಂದಲ. ಬೆರಳಿನಿಂದ ಹೊಸ ಹನಿ ತೆಗೆದು ತಕ್ಷಣ ಎಳೆದರೆ ಇತ್ಯರ್ಥವಾಗುತ್ತದೆ, ಆದರೆ ರೋಗಿ ಊರಿಗೆ ಹೋಗಿದ್ದಾರೆ, ನಾಳೆಯೇ ಸಿಗುವುದು.

ಅಲ್ಲಿಯವರೆಗೆ ವರದಿ ತಡೆಹಿಡಿಯಬೇಕೇ? ಇಲ್ಲವೇ “ತಡವಾದ ಮಾದರಿ, ಮರುಪರೀಕ್ಷೆ ಬೇಕು” ಎಂದು ಬರೆದು ಕೊಡಬಹುದೇ? ಇಂಥ ಸ್ಲೈಡನ್ನು ನೀವು ಹೇಗೆ ವರದಿ ಮಾಡುತ್ತೀರಿ, ದಯವಿಟ್ಟು ತಿಳಿಸಿ.