ಟ್ಯೂಬ್ ಮೇಲಿನ ನಂಬರ್ ಅಳಿಸಿಹೋಗಿದೆ, ನೋಟ್‌ಬುಕ್‌ನಲ್ಲೂ ಬರೆದಿಲ್ಲ. ಏನು ಮಾಡಲಿ?

ಎಸ್.ಕೆ. (ಎಂ.ಎಸ್ಸಿ. ಬಯೋಟೆಕ್, ಎರಡು ತಿಂಗಳ ಇಂಟರ್ನ್‌ಶಿಪ್): ರಾಗಿ ಎಲೆಯಿಂದ ಸಿಟಿಎಬಿ ವಿಧಾನದಲ್ಲಿ 12 ಡಿಎನ್‌ಎ ಸ್ಯಾಂಪಲ್ ತೆಗೆದೆ. ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದರೆ ಮೂರು ಟ್ಯೂಬ್‌ಗಳ ಮೇಲಿನ ಬರಹವೇ ಇಲ್ಲ. ಉಳಿದವನ್ನು ನೋಡಿದರೆ ಇವು 4, 5 ಮತ್ತು 9 ಆಗಿರಬೇಕು, ಆದರೆ ಯಾವುದು ಯಾವುದೋ ಗೊತ್ತಿಲ್ಲ. ಡಿಎನ್‌ಎ ಸಾಂದ್ರತೆ ಅಳೆಯುವ ನ್ಯಾನೋಡ್ರಾಪ್ ಯಂತ್ರದ ರೀಡಿಂಗ್ ಟಿಶ್ಯೂ ಮೇಲೆ ಬರೆದುಕೊಂಡಿದ್ದೆ, ಸಂಜೆ ನೀಟಾಗಿ ನೋಟ್‌ಬುಕ್‌ಗೆ ಹಾಕೋಣ ಅಂತ. ಟಿಶ್ಯೂ ಕಸಕ್ಕೆ ಹೋಯಿತು. ಗೈಡ್‌ಗೆ ಇನ್ನೂ ಹೇಳಿಲ್ಲ. ಇನ್ನೊಂದು: ಡಿಎನ್‌ಎ ಶುದ್ಧಗೊಳಿಸುವ ಕಾಲಮ್ ಕಿಟ್‌ನ ವೇಸ್ಟನ್ನು ಬ್ಲೀಚ್ ಇದ್ದ ಜಾರ್‌ಗೆ ಸುರಿಯಲು ಹೋದಾಗ ಸೀನಿಯರ್ ಅಕ್ಕ ಕಿರುಚಿಕೊಂಡು ಕೈ ಹಿಡಿದರು. ಏಕೆ ಅಂತ ಕೇಳೋಕೆ ಧೈರ್ಯ ಆಗಲಿಲ್ಲ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು: ಮಗು, ಹೆದರಬೇಡ. ಎಡಗಡೆ ಖಾಲಿ ಪುಟದಲ್ಲಿ ಪೆನ್ಸಿಲ್‌ನಿಂದ ಚಿತ್ರ, ಬಲಗಡೆ ಉದ್ದೇಶ, ತತ್ವ, ವಿಧಾನ, ಫಲಿತಾಂಶ. ರಫ್‌ನಲ್ಲಿ ಬರೆದು ಆಮೇಲೆ ದುಂಡಗೆ ಕಾಪಿ ಮಾಡು. ಇಂಡೆಕ್ಸ್ ತುಂಬಿಸಿ ಎಚ್‌ಒಡಿ ಸಹಿ ಹಾಕಿಸಿಕೋ. ಮೂವತ್ತು ವರ್ಷ ಸಾವಿರಾರು ರೆಕಾರ್ಡ್ ತಿದ್ದಿದ್ದೇನೆ.

ಲ್ಯಾಬ್ ಮ್ಯಾನೇಜರ್ (16 ವರ್ಷ, ಸಸ್ಯ ಮಾಲಿಕ್ಯುಲರ್ ಲ್ಯಾಬ್): ಮೇಷ್ಟ್ರೇ, ಕ್ಷಮಿಸಿ, ನೀವು ಹೇಳುತ್ತಿರುವುದು ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡ್. ಈ ಹುಡುಗಿಯ ತೊಂದರೆ ಶುರುವಾಗಿರುವುದೇ ಆ ಅಭ್ಯಾಸದಿಂದ. ರೆಕಾರ್ಡ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಬರೆಯುವುದು ಅಂಕಕ್ಕೆ. ಲ್ಯಾಬ್ ನೋಟ್‌ಬುಕ್ ಬೆಂಚಿನ ಮೇಲೆ ತೆರೆದೇ ಇರಬೇಕು. ಪೈಪೆಟ್ ಕೆಳಗಿಟ್ಟು ಪೆನ್ ಎತ್ತಿಕೊಂಡು ಆಗಲೇ ಬರೆಯಬೇಕು. ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ಪರವಾಗಿಲ್ಲ. ಬಾಲ್‌ಪೆನ್ ಸಾಕು, ಪೆನ್ಸಿಲ್ ಬೇಡ, ವೈಟ್ನರ್ ಬೇಡವೇ ಬೇಡ. ತಪ್ಪಾದರೆ ಒಂದೇ ಗೆರೆ ಎಳೆದು, ಕೆಳಗಿನದು ಓದುವಂತೆ ಬಿಟ್ಟು, ಪಕ್ಕದಲ್ಲಿ ಇನಿಶಿಯಲ್, ತಾರೀಖು.

ಈಗ ಎಸ್.ಕೆ., ಮೊದಲು ಗೈಡ್‌ಗೆ ಹೇಳಿ, ಇವತ್ತೇ. ಆಮೇಲೆ ನ್ಯಾನೋಡ್ರಾಪ್ ಕಂಪ್ಯೂಟರ್ ಹತ್ತಿರ ಹೋಗಿ. ಟಿಶ್ಯೂ ಹೋದರೂ ಆ ಸಾಫ್ಟ್‌ವೇರ್‌ನಲ್ಲಿ ನಿನ್ನೆಯ ರೀಡಿಂಗ್‌ಗಳು ಸಮಯದ ಸಮೇತ ಉಳಿದಿರುವ ಸಾಧ್ಯತೆ ಹೆಚ್ಚು. ಸ್ಯಾಂಪಲ್ ಹೆಸರು ಟೈಪ್ ಮಾಡಿದ್ದಿರಾ?

ಎಸ್.ಕೆ.: ಇಲ್ಲ ಮೇಡಂ, ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ಈಗ ನೋಡಿ ಬಂದೆ. 1ರಿಂದ 12ರವರೆಗೆ ಸಾಲಾಗಿ ಇಟ್ಟಿದ್ದು ನೆನಪಿದೆ, ಆದರೆ ಅಲ್ಲಿ 13 ರೀಡಿಂಗ್ ಇವೆ. ಮಧ್ಯೆ ಒಂದನ್ನು ಎರಡು ಸಲ ನೋಡಿದ್ದೆ. ಯಾವುದನ್ನು ಅಂತ ನೆನಪಿಲ್ಲ.

ಲ್ಯಾಬ್ ಮ್ಯಾನೇಜರ್: ಹೂಂ, ಆ ಒಂದು ಸಾಲು ಬರೆದಿದ್ದರೆ ಇಷ್ಟು ಕಥೆ ಇರುತ್ತಿರಲಿಲ್ಲ. ಪಟ್ಟಿಯಲ್ಲಿ ಪಕ್ಕಪಕ್ಕದಲ್ಲೇ ಹೆಚ್ಚುಕಡಿಮೆ ಒಂದೇ ಅಂಕಿ ಇರುವ ಜೋಡಿ ಇದೆಯೇ?

ಎಸ್.ಕೆ.: ಇದೆ. 6ನೆಯದು 412, 7ನೆಯದು 405. 4ನೆಯದು 182, 5ನೆಯದು 640. 8ನೆಯದು 298. 10ನೆಯದು 195.

ಲ್ಯಾಬ್ ಮ್ಯಾನೇಜರ್: ಹಾಗಾದರೆ 6ನೇ ಟ್ಯೂಬನ್ನು ಎರಡು ಸಲ ನೋಡಿದ್ದೀರಿ ಎಂಬುದು ಊಹೆ. ಊಹೆಯನ್ನು ಪರೀಕ್ಷಿಸಲು ನಿಮ್ಮ ಹತ್ತಿರ ನಂಬರ್ ಇರುವ ಟ್ಯೂಬ್‌ಗಳಿವೆ. 6 ಮತ್ತು 7ನೇ ಟ್ಯೂಬನ್ನು ಮತ್ತೆ ಅಳೆಯಿರಿ. 6ರಲ್ಲಿ 410ರ ಆಸುಪಾಸು, 7ರಲ್ಲಿ 298ರ ಆಸುಪಾಸು ಬಂದರೆ, ಮರುರೀಡಿಂಗ್ ಅಲ್ಲೇ ಆಗಿದೆ, ಅದರ ನಂತರದ್ದೆಲ್ಲ ಒಂದೊಂದು ಸ್ಥಾನ ಕೆಳಗೆ ಜಾರಿದೆ ಎಂದಾಯಿತು. ಆಗ 4 ಮತ್ತು 5 ತಮ್ಮ ಜಾಗದಲ್ಲೇ ಇವೆ, 9ನೇ ಟ್ಯೂಬಿನ ರೀಡಿಂಗ್ 10ನೇ ಸಾಲಿನ 195. ಕೊನೆಗೆ 12ನೇ ಟ್ಯೂಬ್ 13ನೇ ಸಾಲಿಗೆ ಹೊಂದುತ್ತದೆಯೇ ಅಂತಲೂ ನೋಡಿ.

ಆಮೇಲೆ ಹೆಸರಿಲ್ಲದ ಮೂರಕ್ಕೂ ಅ, ಆ, ಇ ಅಂತ ತಾತ್ಕಾಲಿಕ ಹೆಸರು ಬರೆಯಿರಿ. 4, 5, 9 ಅಂತ ಈಗಲೇ ಬರೆಯಬೇಡಿ. ಟ್ಯೂಬ್ ಪೂರ್ತಿ ಕರಗಲಿ, ಬೆರಳಿನಿಂದ ತಟ್ಟಿ ಚೆನ್ನಾಗಿ ಬೆರೆಸಿ, ಒಂದು ಸುತ್ತು ಸ್ಪಿನ್ ಮಾಡಿ, ಡಿಎನ್‌ಎ ಕರಗಿಸಿದ ಅದೇ ಟಿಇ ಬಫರ್‌ನಿಂದ ಬ್ಲಾಂಕ್ ಹಾಕಿ 1 ಮೈಕ್ರೋಲೀಟರ್ ಇಟ್ಟು ನೋಡಿ. ಬೆರೆಸದೆ ಇಟ್ಟರೆ ಅಂಕಿ ಎಲ್ಲಿಗೋ ಹೋಗುತ್ತದೆ.

ಪಿಎಚ್‌.ಡಿ. ವಿದ್ಯಾರ್ಥಿ, ಧಾರವಾಡ: ಇಷ್ಟೆಲ್ಲ ಯಾಕ್ರೀ, ನಂಬರ್ ಬರದ ಮ್ಯಾಲೆ ಸೆಲ್ಲೋಟೇಪ್ ಸುತ್ತಿದ್ರ ಮುಗೀತಿತ್ತು. ನಾವು ಹಂಗ ಮಾಡೋದು, ಒಂದೂ ಅಳಿಸಿಲ್ಲ.

ಲ್ಯಾಬ್ ಮ್ಯಾನೇಜರ್: ಫ್ರಿಜ್‌ನಲ್ಲಿ ಇಡುವುದಕ್ಕೆ ನಿಮ್ಮ ಮಾತು ಸರಿ. ಮೈನಸ್ 80ಕ್ಕೆ ಹೋದರೆ ಸೆಲ್ಲೋಟೇಪಿನ ಅಂಟು ಬಿಟ್ಟು, ಪಟ್ಟಿಗಳೆಲ್ಲ ಡಬ್ಬಿಯ ತಳದಲ್ಲಿ ಒಟ್ಟಾಗಿ ಬಿದ್ದಿರುತ್ತವೆ. ಬರಹ ಅಳಿಸಿರುವುದಿಲ್ಲ, ಟ್ಯೂಬ್ ಮೇಲೆ ಇರುವುದಿಲ್ಲ ಅಷ್ಟೆ. ಅಲ್ಲಿಗೆ ಕ್ರಯೋ ಲೇಬಲ್ಲೇ ಬೇಕು. ಅದನ್ನೂ ಟ್ಯೂಬ್ ಒಣಗಿರುವಾಗ, ತಣ್ಣಗಾಗುವ ಮೊದಲೇ ಅಂಟಿಸಬೇಕು. ಹಿಮ ಹಿಡಿದ ಟ್ಯೂಬ್ ಮೇಲೆ ಸಾಮಾನ್ಯ ಅಂಟು ನಿಲ್ಲದು.

ಎಸ್.ಕೆ. ಅವರ ಮಾರ್ಕರ್ ಅಳಿಸಿದ್ದು ಫ್ರೀಜರ್‌ನಲ್ಲಿ ಅಲ್ಲ ಅನ್ನಿಸುತ್ತದೆ. ಸಿಟಿಎಬಿಯಲ್ಲಿ ಕ್ಲೋರೋಫಾರ್ಮ್ ಹಾಕುತ್ತೇವೆ, ಕೊನೆಗೆ 70% ಎಥನಾಲ್‌ನಲ್ಲಿ ತೊಳೆಯುತ್ತೇವೆ. 'ಪರ್ಮನೆಂಟ್' ಮಾರ್ಕರ್ ನೀರಿಗೆ ಮಾತ್ರ ಪರ್ಮನೆಂಟ್. ಒದ್ದೆ ಗ್ಲೌಸ್‌ನ ಹೆಬ್ಬೆರಳು ಒಮ್ಮೆ ಸವರಿದರೆ ಸಾಕು. ಗ್ಲೌಸ್ ತುದಿಯಲ್ಲಿ ಕಪ್ಪು ಅಥವಾ ನೀಲಿ ಬಣ್ಣ ಕಂಡರೆ ಅಲ್ಲೇ ನಿಲ್ಲಿಸಿ, ಯಾವ ನಂಬರ್ ಹೋಯಿತು ಅಂತ ನೋಡಬೇಕು. ಕೊನೆಯಲ್ಲಿ ಡಿಎನ್‌ಎ ಹೋಗುವ ಟ್ಯೂಬ್‌ಗೆ ಮುಚ್ಚಳದ ಮೇಲೂ ಮೈಮೇಲೂ ಎರಡೂ ಕಡೆ ಬರೆಯಿರಿ.

ಬರೀ 4, 9 ಅಂತ ಬರೆದರೆ ಮುಂದಿನ ವಾರ ಇನ್ನೊಬ್ಬರ 4, 9 ಪಕ್ಕದಲ್ಲೇ ಕೂತಿರುತ್ತವೆ. ನಮ್ಮಲ್ಲಿ ಲೇಬಲ್ಲೇ ಪುಟ ತೋರಿಸುತ್ತದೆ: ಎಸ್‌ಕೆ 1-23-7 ಅಂದರೆ ಎಸ್.ಕೆ. ಅವರ 1ನೇ ಪುಸ್ತಕ, 23ನೇ ಪುಟ, 7ನೇ ಟ್ಯೂಬ್. ತಳಿ, ಎಲೆ ತೆಗೆದ ದಿನ, ಬಫರ್‌ನ ಲಾಟ್ ನಂಬರ್ ಎಲ್ಲ ಆ ಪುಟದಲ್ಲಿ. ನೀವು ಹೋದ ಮೇಲೂ ಟ್ಯೂಬ್ ಯಾರದು, ಏನು ಅಂತ ಹುಡುಕಬಹುದು.

ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ: ಮುಚ್ಚಳದ ವಿಷಯ ಬಂತಲ್ಲ, ನಮ್ಮದೂ ಹೇಳ್ತೀನಿ. ನಾನು ಹೊಸಬನಾಗಿದ್ದಾಗ ಒಂದು ಸಣ್ಣ ಡಯಾಗ್ನೋಸ್ಟಿಕ್ ಲ್ಯಾಬ್‌ನಲ್ಲಿ ಯೂರಿನ್ ಡಬ್ಬಿಯ ಮುಚ್ಚಳದ ಮೇಲೆ ಮಾತ್ರ ಹೆಸರು ಬರೆಯುತ್ತಿದ್ದೆ. ಎರಡು ಡಬ್ಬಿ ಒಟ್ಟಿಗೆ ತೆರೆದೆ, ಮುಚ್ಚುವಾಗ ಅದಲುಬದಲು. ಇಬ್ಬರನ್ನೂ ಮತ್ತೆ ಕರೆಸಬೇಕಾಯಿತು. ಅಂದಿನಿಂದ ಡಬ್ಬಿಯ ಮೈಮೇಲೇ ಬರೆಯೋದು. ರಕ್ತ ತೆಗೆಯುವಾಗಲೂ ಮೊದಲೇ ಹತ್ತು ಟ್ಯೂಬ್‌ಗೆ ಹೆಸರು ಅಂಟಿಸಿ ಇಟ್ಟುಕೊಳ್ಳಬಾರದು. ತೆಗೆದ ಮೇಲೆ, ಪೇಶೆಂಟ್ ಎದುರಿಗೇ, ಹೆಸರು ಕೇಳಿ ಅಂಟಿಸಬೇಕು.

ಲ್ಯಾಬ್ ಮ್ಯಾನೇಜರ್: ನಮ್ಮಲ್ಲಿ ತದ್ವಿರುದ್ಧ, ಕೆಲಸ ಶುರು ಮಾಡುವ ಮೊದಲೇ ಎಲ್ಲ ಟ್ಯೂಬ್ ಬರೆದಿಡುತ್ತೇವೆ. ನಿಮ್ಮಲ್ಲಿ ಟ್ಯೂಬ್ ತಪ್ಪು ಪೇಶೆಂಟ್‌ಗೆ ಹೋಗುವ ಭಯ, ನಮ್ಮಲ್ಲಿ ಗ್ಲೌಸ್ ಒದ್ದೆಯಾದ ಮೇಲೆ ಬರೆಯಲಾಗದ ಕಷ್ಟ. ಮುಚ್ಚಳದ ಪಾಠ ಮಾತ್ರ ಎರಡೂ ಕಡೆ ಒಂದೇ. ಪೆಟ್ರಿ ಪ್ಲೇಟ್‌ಗೂ ಅಷ್ಟೆ, ಅಗಾರ್ ಇರುವ ತಳದ ಮೇಲೆ ಬರೆಯಬೇಕು.

ಬ್ಲೀಚ್ ವಿಷಯ ಮರೆತೆ. ನಿಮ್ಮ ಅಕ್ಕ ಕಿರುಚಿದ್ದು ಸರಿಯಾಗಿಯೇ ಇದೆ. ಕಾಲಮ್ ಕಿಟ್‌ನ ಬೈಂಡಿಂಗ್ ಬಫರ್‌ನಲ್ಲಿ ಸಾಮಾನ್ಯವಾಗಿ ಗ್ವಾನಿಡಿನ್ ಲವಣ ಇರುತ್ತದೆ. ಅದು ಬ್ಲೀಚ್ ಜೊತೆ ಸೇರಿದರೆ ವಿಷಾನಿಲ ಹೊರಡುತ್ತದೆ. ಬ್ಯಾಕ್ಟೀರಿಯಾ ಕಲ್ಚರ್‌ಗೆ ಬ್ಲೀಚ್ ಹಾಕಿ ಹಾಕಿ, 'ವೇಸ್ಟ್ ಅಂದರೆ ಬ್ಲೀಚ್' ಅಂತ ಕೈಗೆ ಅಭ್ಯಾಸ ಆಗಿಬಿಟ್ಟಿರುತ್ತದೆ. ಕಿಟ್‌ನ ವೇಸ್ಟ್‌ಗೆ ಬೇರೆ ಬಾಟಲಿ, ಕ್ಲೋರೋಫಾರ್ಮ್‌ಗೆ ಬೇರೆ. ಎರಡೂ ಸಿಂಕ್‌ಗೆ ಹೋಗಬಾರದು, ಬ್ಲೀಚ್ ಸೇರಬಾರದು. ಆ ಜಾರ್ ಮೇಲೆ 'ಬ್ಲೀಚ್ ಇದೆ' ಅಂತ ಬರೆದಿತ್ತೇ?

ಎಸ್.ಕೆ.: ಇಲ್ಲ, ಬರೀ 'ವೇಸ್ಟ್' ಅಂತಿತ್ತು.

ಲ್ಯಾಬ್ ಮ್ಯಾನೇಜರ್: ಹಾಗಾದರೆ ಅರ್ಧ ತಪ್ಪು ನಿಮ್ಮ ಲ್ಯಾಬ್‌ದು. ಒಳಗೇನಿದೆ, ಯಾವತ್ತು ಶುರು ಮಾಡಿದ್ದು, ಏನು ಸೇರಿಸಬಾರದು, ಇಷ್ಟೂ ಜಾರ್ ಮೇಲೆ ಇರಬೇಕು. ಅಕ್ಕನನ್ನು ಕೇಳಿ ನೀವೇ ಬರೆದು ಅಂಟಿಸಿ. ಬೈಯುವುದಿಲ್ಲ.

ಎಸ್.ಕೆ. (ಮರುದಿನ): ಗೈಡ್‌ಗೆ ಹೇಳಿದೆ. ಐದು ನಿಮಿಷ ಸುಮ್ಮನಿದ್ದರು, ಆಮೇಲೆ "ಅಳೆದು ತೋರಿಸು" ಅಂದರು. 6ರಲ್ಲಿ 408, 7ರಲ್ಲಿ 291 ಬಂತು, 12ನೆಯದೂ 13ನೇ ಸಾಲಿಗೆ ಹೊಂದಿತು. ಆಮೇಲೆ ಅ 631, ಆ 188, ಇ 179.

ಪಿಎಚ್‌.ಡಿ. ವಿದ್ಯಾರ್ಥಿ, ಧಾರವಾಡ: ಬರೋಬ್ಬರಿ ಆತು! ಅ ಅಂದ್ರ 5, ಆ ಅಂದ್ರ 9, ಇ ಅಂದ್ರ 4. ಬೇಕಂದ್ರ ಡಿಎನ್‌ಎ ಎಷ್ಟು ಶುದ್ಧ ಅಂತ ತೋರ್ಸೋ 260/280 ಅನುಪಾತಾನೂ ಹೊಂದಿಸಿ ನೋಡ್ರಿ.

ಲ್ಯಾಬ್ ಮ್ಯಾನೇಜರ್: ಅ ಅಂದರೆ 5, ಒಪ್ಪಿದೆ. 640ಕ್ಕೆ ಹತ್ತಿರ ಬೇರೆ ಯಾವುದೂ ಇಲ್ಲ. ಉಳಿದೆರಡನ್ನು ನಾನು ಒಪ್ಪುವುದಿಲ್ಲ. 412 ಮತ್ತು 405 ಒಂದೇ ಟ್ಯೂಬಿನವು, ಆಮೇಲೆ ಅದೇ 408 ಆಯಿತು. 298 ಇದ್ದದ್ದು 291 ಆಯಿತು. ಯಂತ್ರ ಇಷ್ಟು ಅಲುಗಾಡುವಾಗ 182 ಮತ್ತು 195ರ ನಡುವೆ ಹೇಗೆ ಆರಿಸುತ್ತೀರಿ? ಅನುಪಾತವೂ ಹೀಗೇ ಅಲುಗಾಡುತ್ತದೆ. ಎಸ್.ಕೆ., 4 ಮತ್ತು 9 ಒಂದೇ ತಳಿಯೇ?

ಎಸ್.ಕೆ.: ಬೇರೆ ಬೇರೆ. 4 ಜಿಪಿಯು-28, 9 ಎಂಎಲ್-365. ಎಲೆಯ ಪುಡಿ 9ರದ್ದು ಮೈನಸ್ 80ರಲ್ಲಿ ಉಳಿದಿದೆ, 4ರದ್ದು ಮುಗಿದಿದೆ.

ಲ್ಯಾಬ್ ಮ್ಯಾನೇಜರ್: 9ನ್ನು ಹೊಸದಾಗಿ ತೆಗೆಯಿರಿ, ಅದಕ್ಕೆ ಸಂಶಯವೇ ಇರುವುದಿಲ್ಲ. 4 ಬೇಕೇ ಬೇಕಾದರೆ, ಈ ಎರಡು ತಳಿಗಳಲ್ಲಿ ಬೇರೆ ಬೇರೆ ಉದ್ದದ ಬ್ಯಾಂಡ್ ಕೊಡುವ ಎಸ್‌ಎಸ್‌ಆರ್ ಪ್ರೈಮರ್ ನಿಮ್ಮ ಲ್ಯಾಬ್‌ನಲ್ಲಿದೆಯೇ ಕೇಳಿ. ಇದ್ದರೆ, ನಂಬರ್ ಉಳಿದಿರುವ ಅದೇ ತಳಿಗಳ ಟ್ಯೂಬ್ ಜೊತೆ ಆ, ಇ ಎರಡನ್ನೂ ಪಿಸಿಆರ್ ಮಾಡಿ ಜೆಲ್‌ನಲ್ಲಿ ಓಡಿಸಬಹುದು. ಇಲ್ಲದಿದ್ದರೆ 4 ಹೋಯಿತು ಅಂತಲೇ ಬರೆಯಿರಿ.

ಮೊನ್ನೆಯ ಪುಟಕ್ಕೆ ಇವತ್ತು ಏನನ್ನೂ ತುರುಕಬೇಡಿ. ಇವತ್ತಿನ ಪುಟದಲ್ಲಿ, ಇವತ್ತಿನ ತಾರೀಖಿನಲ್ಲಿ, ಹೆಚ್ಚುಕಡಿಮೆ ಹೀಗೆ: "ಪುಟ 23ರ ಮೂರು ಟ್ಯೂಬ್‌ಗಳ ಬರಹ ಅಳಿಸಿದೆ. ಅಂದಿನ ರೀಡಿಂಗ್ ಅಂದೇ ಬರೆದಿರಲಿಲ್ಲ. ಯಂತ್ರದ ಪಟ್ಟಿಯಿಂದ ತೆಗೆದದ್ದು. 13 ರೀಡಿಂಗ್, 6ನೇ ಟ್ಯೂಬ್ ಎರಡು ಸಲ. ಅ = 5, ಸಾಂದ್ರತೆ ಹೋಲಿಸಿ ಊಹಿಸಿದ್ದು. ಆ, ಇ ಗುರುತು ಸಿಕ್ಕಿಲ್ಲ, ಬಳಸಬಾರದು." ಪಟ್ಟಿಯ ಪ್ರಿಂಟ್ ಅಂಟಿಸಿ, ಕಾಗದದ ಅಂಚಿನ ಮೇಲೆ ಅರ್ಧ, ಪುಟದ ಮೇಲೆ ಅರ್ಧ ಬರುವಂತೆ ಸಹಿ ಹಾಕಿ.

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು: ನಮ್ಮ ಕಾಲದಲ್ಲಿ ಇಂಥ ಪುಟ ತೋರಿಸಿದ್ದರೆ ನಾನೇ ಹರಿದು ಮತ್ತೆ ಬರೆಸುತ್ತಿದ್ದೆ, ತಾಯಿ.

ಎಸ್.ಕೆ.: ಬರೆದೆ ಮೇಡಂ. ಪ್ರೈಮರ್ ಇದೆಯೋ ಇಲ್ಲವೋ ಸೋಮವಾರ ಗೊತ್ತಾಗುತ್ತದೆ. ಆ ಮತ್ತು ಇ ಸದ್ಯಕ್ಕೆ ಬೇರೆ ಡಬ್ಬಿಯಲ್ಲಿವೆ, ಮೈಮೇಲೂ ಮುಚ್ಚಳದ ಮೇಲೂ ಬರೆದಿದ್ದೇನೆ.