ಪದಚರ್ಚೆ: ‘ಸರಾಸರಿ ಬೆಳೆಗಾರ’ ಅನ್ನಬಹುದೇ? ಮಧ್ಯಾಂಕಕ್ಕೆ ಊರಿನ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಸಕಲೇಶಪುರದ ಹತ್ತಿರ ನಮ್ಮೂರು. ಮುಂಗಾರಿಗೆ ಮೊದಲು ಕಾಫಿ ತೋಟಗಳಿಗೆ ಬೇಕಾದ ಮೈಲುತುತ್ತ, ಸುಣ್ಣ ಎಲ್ಲರೂ ಸೇರಿ ಒಟ್ಟಿಗೆ ತರಿಸೋಣ ಅಂತ ಮಾತಾಗಿದೆ. ಅದಕ್ಕೆ ಒಂದು ಕರಪತ್ರ ಬರೆಯುವ ಕೆಲಸ ನನಗೆ ಬಂತು. ನಮ್ಮ ಕಡೆ ಒಂಬತ್ತು ಮನೆಗಳಿವೆ. ಯಾರ ತೋಟ ಎಷ್ಟು ಎಕರೆ ಅಂತ ಕೇಳಿ ಬರೆದುಕೊಂಡೆ: 1, 2, 2, 2, 3, 4, 4, 6, 120. ಕೊನೆಯದು ಎಸ್ಟೇಟು.

"ನಮ್ಮೂರಿನ ಸರಾಸರಿ ಬೆಳೆಗಾರನಿಗೆ 16 ಎಕರೆ ತೋಟವಿದೆ" ಅಂತ ಮೊದಲ ಸಾಲು ಬರೆದೆ. ಲೆಕ್ಕ ಸರಿಯಾಗಿಯೇ ಇದೆ. ಒಟ್ಟು 144 ಎಕರೆ, ಒಂಬತ್ತು ಮನೆ. ಆದರೆ ಅದನ್ನು ಓದಿದ ಪಕ್ಕದ ಮನೆ ದೊಡ್ಡಮ್ಮ, "ಹದಿನಾರು ಎಕರೆ ಇರೋ ಮನೆ ಯಾವುದು ಮಗಾ?" ಅಂತ ಕೇಳಿದರು. ಅಂಥ ಮನೆ ಒಂದೂ ಇಲ್ಲ. ಎಂಟು ಮನೆಯವರ ತೋಟ ಆರು ಎಕರೆಯೊಳಗೇ ಇದೆ.

ಇಲ್ಲಿ ‘ಸರಾಸರಿ’ ಅನ್ನುವ ಪದವೇ ದಾರಿ ತಪ್ಪಿಸುತ್ತಿದೆಯಾ? ಶಾಲೆಯಲ್ಲಿ ಕಲಿತ ‘ಮಧ್ಯಾಂಕ’ ಬರೆದರೆ ಊರಿನವರಿಗೆ ತಿಳಿಯುತ್ತದಾ? ನನಗೆ ತೋಚಿದ್ದು ‘ನಡುಬೆಲೆ’. ನಿಮಗೆ ಏನನ್ನಿಸುತ್ತದೆ, ತಿಳಿಸಿ.

ಹಾಸನದಿಂದ, ಆಲೂಗಡ್ಡೆ ವ್ಯಾಪಾರಿ

ಕಾಫಿ ಧಾರಣೆ ನನಗೆ ಅಷ್ಟು ಗೊತ್ತಿಲ್ಲ. ಆದರೆ ನಮ್ಮ ಆಲೂಗಡ್ಡೆಗೆ ಮಾರುಕಟ್ಟೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ನಾವು ನೋಡುವುದು ಮಾದರಿ ದರವನ್ನೇ. ಜಾಸ್ತಿ ಮಾಲು ಯಾವ ದರಕ್ಕೆ ಹೋಯಿತು ಅನ್ನುವುದು ಅದರಲ್ಲಿ ತಿಳಿಯುತ್ತದೆ. ಒಬ್ಬರ ಹತ್ತು ಚೀಲ ಒಳ್ಳೆ ಗೆಡ್ಡೆಗೆ ಭಾರಿ ದರ ಸಿಕ್ಕಿತು ಅನ್ನಿ. ಗರಿಷ್ಠ ಏರುತ್ತದೆ, ಮಾದರಿ ಅಲ್ಲಾಡುವುದಿಲ್ಲ. ನಡುಬೆಲೆ ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಬೇಲೂರಿನಿಂದ

ಮಧ್ಯಾಂಕ ಕಷ್ಟದ ಪದ ಏನಲ್ಲ. ಮಧ್ಯದಲ್ಲಿರುವ ಅಂಕ, ಅಷ್ಟೇ. ಕನಿಷ್ಠ 1, ಗರಿಷ್ಠ 120, ಕೂಡಿಸಿ ಅರ್ಧ ಮಾಡಿದರೆ ಅರವತ್ತೂವರೆ ಬರುತ್ತದೆ. ಹಾಗೆ ನೋಡಿದರೆ ಮಧ್ಯಾಂಕ ಸರಾಸರಿಗಿಂತ ಕೆಟ್ಟದ್ದು. ಸುಮ್ನೆ ಆ 120 ಬಿಟ್ಟುಬಿಡಿ. ಉಳಿದ ಎಂಟು ಮನೆಗೆ 24 ಎಕರೆ, ತಲಾ ಮೂರು. ತೊಂದರೆ ಮುಗಿಯಿತು.

ಚಿಕ್ಕಮಗಳೂರಿನಿಂದ, ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು

ಬೇಲೂರಿನವರು ಮಾಡಿದ ಲೆಕ್ಕವನ್ನು ಎಷ್ಟೋ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮಾಡುವುದನ್ನು ನೋಡಿದ್ದೇನೆ. ಅದು ಅವರ ತಪ್ಪಲ್ಲ, ಪದವೇ ಹಾಗೆ ಕೇಳಿಸುತ್ತದೆ. ಮಧ್ಯ ಅಂದ ಕೂಡಲೇ ಎರಡು ತುದಿಗಳ ನಡುವೆ ಅಳೆಯಲು ಹೊರಡುತ್ತೇವೆ. ಮಧ್ಯಾಂಕದಲ್ಲಿ ಅಳೆಯುವುದಿಲ್ಲ, ಎಣಿಸುತ್ತೇವೆ. ಒಂಬತ್ತೂ ಮನೆಯವರನ್ನು ಕಡಿಮೆ ತೋಟದವರಿಂದ ಶುರುಮಾಡಿ ಸಾಲಾಗಿ ನಿಲ್ಲಿಸಿ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಜನ ಇರುವವರು ಐದನೆಯವರು. ಅವರ ತೋಟ 3 ಎಕರೆ. ಅದೇ ಮಧ್ಯಾಂಕ. ನಾಳೆ ಎಸ್ಟೇಟಿನವರು ಇನ್ನೂ ನೂರು ಎಕರೆ ಕೊಂಡರೆ ಸರಾಸರಿ 16ರಿಂದ 27ಕ್ಕೆ ಜಿಗಿಯುತ್ತದೆ. ಸಾಲಿನ ನಡುವೆ ನಿಂತವರು ಮಾತ್ರ ಅವರೇ, ತೋಟ ಅದೇ 3 ಎಕರೆ.

ಸರಾಸರಿಯ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. ಮಾತಿನಲ್ಲಿ ‘ಸರಾಸರಿ ಮನುಷ್ಯ’ ಅಂದರೆ ಸಾಮಾನ್ಯ ಮನುಷ್ಯ ಅಂತಲೇ ಅರ್ಥ ಮಾಡಿಕೊಳ್ಳುತ್ತೇವೆ. ಲೆಕ್ಕದ ಸರಾಸರಿಗೆ ಆ ಅರ್ಥವಿಲ್ಲ. ಎಲ್ಲರದ್ದನ್ನೂ ಒಟ್ಟು ಹಾಕಿ ಸಮನಾಗಿ ಹಂಚಿದ್ದರೆ ಒಬ್ಬರಿಗೆ ಎಷ್ಟು ಬರುತ್ತಿತ್ತು, ಅಷ್ಟನ್ನೇ ಅದು ಹೇಳುತ್ತದೆ. ನಿಮ್ಮೂರಲ್ಲಿ ಯಾರೂ ಹಂಚಿಲ್ಲ. ಅದಕ್ಕೇ ‘ಸರಾಸರಿ ಬೆಳೆಗಾರ’ ಬೇಡ, "ಹಂಚಿದರೆ ಮನೆಗೆ 16 ಎಕರೆ ಬೀಳುತ್ತದೆ" ಅನ್ನಿ. ಹಂಚಿದರೆ ಅಂದ ತಕ್ಷಣ ಕೇಳುವವರು ಎಚ್ಚರವಾಗುತ್ತಾರೆ.

‘ನಡುಬೆಲೆ’ ಬೇಡ. ಗಣಿತದ ಪುಸ್ತಕದಲ್ಲಿ ಬೆಲೆ ಅಂದರೆ ಸಂಖ್ಯೆಯ ಮೌಲ್ಯ. ಊರಿನಲ್ಲಿ ಬೆಲೆ ಅಂದರೆ ದುಡ್ಡು. ಹಾಸನದವರು ನಿಮ್ಮ ಪತ್ರವನ್ನು ಧಾರಣೆಯ ಪ್ರಶ್ನೆ ಅಂದುಕೊಂಡಿದ್ದು ಅದರಿಂದಲೇ ಅಲ್ವಾ? ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಸಂಖ್ಯೆಗೆ ಬಹುಲಕ ಅನ್ನುತ್ತೇವೆ, ಅದಕ್ಕೇ ಇರುವ ‘ರೂಢಿಬೆಲೆ’ ಅನ್ನುವ ಇನ್ನೊಂದು ಪದಕ್ಕೂ ಇದೇ ತೊಂದರೆ.

ಮೂಡಿಗೆರೆಯಿಂದ, ಬೆಳೆಗಾರರು

120 ಬಿಡುವ ಮಾತಿಗೆ ನನ್ನದೊಂದು ಅನುಭವ ಹೇಳುತ್ತೇನೆ. ನಮ್ಮ ಮನೆಯಲ್ಲಿ ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಡುತ್ತೇವೆ. ಒಮ್ಮೆ ತಿಂಗಳ ಸರಾಸರಿ ತೆಗೆದರೆ ನಂಬಲಾಗದಷ್ಟು ಬಂತು. ಪುಸ್ತಕ ತಿರುವಿದರೆ ಒಂದು ದಿನ 1 ಇಂಚು 20 ಸೆಂಟು ಅಂತ ಬರೆಯುವ ಬದಲು ಇಂಚಿನ ಸಾಲಿನಲ್ಲಿ 120 ಬರೆದಿದ್ದೆವು. ಒಂದೇ ದಿನಕ್ಕೆ 120 ಇಂಚು ಎಲ್ಲಿ ಬರುತ್ತದೆ? ಅಳತೆಯ ಗಾಜಿನಲ್ಲಿ ನೋಡಿದ್ದು 1.20 ಅಂತ ಗೊತ್ತಿತ್ತು. ತಿದ್ದಿದೆವು.

ನಿಮ್ಮ ಪಟ್ಟಿಯಲ್ಲಿರುವ 120 ಅಂಥದ್ದಲ್ಲ. ಆ ಎಸ್ಟೇಟು ಕಣ್ಣೆದುರು ಇದೆ, ಅದಕ್ಕೂ ಔಷಧಿ ಹೊಡೆಯಬೇಕು. ತಪ್ಪಾಗಿ ಬರೆದದ್ದನ್ನು ತಿದ್ದಬಹುದು. ದೊಡ್ಡದು ಅನ್ನುವ ಒಂದೇ ಕಾರಣಕ್ಕೆ ನಿಜವಾದದ್ದನ್ನು ಬಿಡುವುದು ಹೇಗೆ?

ಬೇಲೂರಿನಿಂದ ಮತ್ತೆ

ಸಾಲಿನ ಮಾತು ಒಪ್ಪಿದೆ. ನಾನು ತುದಿಗಳನ್ನಷ್ಟೇ ನೋಡಿದ್ದೆ. ಹಾಗಾದರೆ ಕರಪತ್ರದಲ್ಲಿ ಸರಾಸರಿಯನ್ನು ಪೂರ್ತಿ ಬಿಟ್ಟು ಮಧ್ಯಾಂಕ ಒಂದನ್ನೇ ಬರೆದರೆ ಸಾಲದೇ? ಪದ ಬೇಕಿದ್ದರೆ ‘ನಡುಮನೆ’ ಚೆನ್ನಾಗಿದೆ.

ಚಿಕ್ಕಮಗಳೂರಿನಿಂದ

ಸಾಲದು. ಇವರು ಮೈಲುತುತ್ತ ತರಿಸಬೇಕಲ್ಲ. ಮಧ್ಯಾಂಕ 3ನ್ನು ಒಂಬತ್ತು ಮನೆಯಿಂದ ಗುಣಿಸಿದರೆ 27 ಎಕರೆ. ಇರುವುದು 144. ಬೇಕಾದ ಸಾಮಾನಿನ ಐದನೇ ಒಂದು ಭಾಗವೂ ಬರುವುದಿಲ್ಲ. ಒಟ್ಟು ಬೇಕಾದಾಗ ಕೈ ಹಿಡಿಯುವುದು ಸರಾಸರಿಯೇ. ಹದಿನಾರನ್ನು ಒಂಬತ್ತರಿಂದ ಗುಣಿಸಿದರೆ ಸರಿಯಾಗಿ 144 ವಾಪಸ್ಸು ಸಿಗುತ್ತದೆ. ಮಧ್ಯಾಂಕದಿಂದ ಒಟ್ಟು ಸಿಗುವುದಿಲ್ಲ. ಆದರೆ ಸಣ್ಣ ಪೊಟ್ಟಣ ಎಷ್ಟು ಎಕರೆಗೆ ಸಾಕಾಗುವ ಹಾಗೆ ಕಟ್ಟಿಸಬೇಕು ಅಂತ ಕೇಳಿದರೆ 16 ನೋಡಬೇಡಿ. ಆ ಅಳತೆಯ ಪೊಟ್ಟಣ ಒಂಬತ್ತು ಮನೆಯಲ್ಲಿ ಒಬ್ಬರಿಗೂ ಸರಿಹೋಗುವುದಿಲ್ಲ. 2 ಎಕರೆಯ ಮನೆ ಮೂರಿವೆ, ಅದೇ ಬಹುಲಕ. 2 ಎಕರೆಯ ಪೊಟ್ಟಣ ಮಾಡಿಸಿದರೆ 4, 6 ಎಕರೆಯವರೂ ಎರಡು, ಮೂರು ಅಂತ ಎತ್ತಿಕೊಳ್ಳುತ್ತಾರೆ.

ಮೂಡಿಗೆರೆಯಿಂದ

ನಡುಮನೆ ಅಂದರೆ ನಮ್ಮ ಕಡೆ ಮನೆಯೊಳಗಿನ ಹಜಾರ. ಎಕರೆಯ ಲೆಕ್ಕದಲ್ಲಿ ಬಂದರೆ ಓದುವವರು ತಬ್ಬಿಬ್ಬಾಗುತ್ತಾರೆ. ‘ಸಾಲಿನ ನಡುವಿನ ಮನೆ’ ಅಂತ ಬಿಡಿಸಿ ಬರೆಯಿರಿ. ಉದ್ದವಾದರೆ ಆಗಲಿ.

ಸಕಲೇಶಪುರದಿಂದ, ಮೊದಲು ಕೇಳಿದವಳು

ಎಲ್ಲರಿಗೂ ಧನ್ಯವಾದ. ತಿದ್ದಿದ ಸಾಲು ಹೀಗಿದೆ:

"ನಮ್ಮ ಒಂಬತ್ತು ಮನೆಗೆ ಒಟ್ಟು 144 ಎಕರೆ ಕಾಫಿ ತೋಟವಿದೆ. ಅದರಲ್ಲಿ 120 ಎಕರೆ ಒಂದೇ ಎಸ್ಟೇಟಿನದು. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದರೆ ನಡುವಿನ ಮನೆಗೆ 3 ಎಕರೆ. ಎಲ್ಲಕ್ಕಿಂತ ಜಾಸ್ತಿ ಸಲ ಕಾಣುವುದು 2 ಎಕರೆ, ಮೂರು ಮನೆಗಳಲ್ಲಿ."

16ನ್ನು ಬರೆಯಲೇ ಇಲ್ಲ, ಒಟ್ಟು ಕೊಟ್ಟ ಮೇಲೆ ಅದು ಬೇಕಾಗಲಿಲ್ಲ. ದೊಡ್ಡಮ್ಮನಿಗೆ ಓದಿ ಹೇಳಿದೆ. "ಮೂರು ಎಕರೆ ಅಂದ್ರೆ ನಮ್ಮನೇದೇ" ಅಂದರು. ಹೌದು, ಐದನೆಯವರು ಅವರೇ.

ಬಹುಲಕಕ್ಕೆ ಹಾಸನದ ‘ಮಾದರಿ’ ಬರೆಯೋಣ ಅಂದುಕೊಂಡಿದ್ದೆ. ಆದರೆ ‘ಮಾದರಿ ತೋಟ’ ಅಂದರೆ ನೋಡಿ ಕಲಿಯುವಂಥ ತೋಟ ಅಂತ ಆಗಿಬಿಡುತ್ತದೆ, ಬಿಟ್ಟೆ. ಇನ್ನೊಂದು ತೊಡಕು ಉಳಿದಿದೆ. ಹೊಳೆ ಆಚೆಯ ಎಂಟು ಮನೆಯವರೂ ಇಂಥದ್ದೇ ಕರಪತ್ರ ಕೇಳುತ್ತಿದ್ದಾರೆ. ಎಂಟು ಜನರ ಸಾಲಿನಲ್ಲಿ ನಡುವೆ ನಿಲ್ಲುವವರು ಇಬ್ಬರು. ಒಬ್ಬರದು 2 ಎಕರೆ, ಇನ್ನೊಬ್ಬರದು 3. ಮಧ್ಯಾಂಕ ಎರಡೂವರೆ ಅಂತ ಲೆಕ್ಕ ಬರುತ್ತದೆ, ಆದರೆ ಎರಡೂವರೆ ಎಕರೆಯ ಮನೆ ಅಲ್ಲಿಲ್ಲ. ಅಲ್ಲಿ ‘ನಡುವಿನ ಮನೆ’ ಅಂತ ಹೇಗೆ ಬರೆಯಲಿ?