ಪ್ರಶ್ನೋತ್ತರ: ಸರಿ ಉತ್ತರ ನೋಡದ ಮೊದಲ ಲೇಯರ್‌ಗೆ ತನ್ನ ತಪ್ಪು ಗೊತ್ತಾಗೋದು ಹೇಗೆ?

ಎಂಸಿಎ ವಿದ್ಯಾರ್ಥಿನಿ, ಸಿಂಧನೂರು:
ಕೋಡ್ ಇಲ್ಲದೆ, ನೋಟ್‌ಬುಕ್ಕಿನಲ್ಲೇ ಬ್ಯಾಕ್‌ಪ್ರೊಪಗೇಷನ್ ಮಾಡ್ತಾ ಇದ್ದೀನಿ. ಇನ್‌ಪುಟ್ x = 2. ಹಿಡನ್ ಲೇಯರ್‌ನಲ್ಲಿ ಎರಡು ನ್ಯೂರಾನ್, ವೇಟ್ w1 = 0.5, w2 = 1, ಎರಡಕ್ಕೂ ರೆಲು. ಅಲ್ಲಿಂದ ಔಟ್‌ಪುಟ್‌ಗೆ v1 = 3, v2 = -1. ಬಯಾಸ್ ಇಲ್ಲ. y = 1 ಬಂತು, ಬರಬೇಕಿದ್ದು 3. ಲಾಸ್ ಅಂದ್ರೆ ವ್ಯತ್ಯಾಸದ ವರ್ಗದ ಅರ್ಧ. w1 ಗ್ರೇಡಿಯಂಟ್ ನನಗೆ -12.08, ಗೆಳತಿಗೆ -12. ಯಾರದು ಸರಿ? ಅದಕ್ಕಿಂತ ಮುಖ್ಯವಾಗಿ, ಮೊದಲ ಲೇಯರ್ ಸರಿ ಉತ್ತರವನ್ನೇ ನೋಡಿಲ್ಲ, ಅದಕ್ಕೆ ತನ್ನ ತಪ್ಪು ಹೇಗೆ ಗೊತ್ತಾಗುತ್ತೆ?

ಪಾಲಿಟೆಕ್ನಿಕ್ ಉಪನ್ಯಾಸಕ, ರಾಯಚೂರು:
ನಮ್ಮ ಎಡದಂಡೆ ಕಾಲುವೆ ಇದ್ದಂಗೆ ತಂಗಿ. ನೀರು ಉಪಕಾಲುವೆಗಳಿಗೆ ಹಂಚಿಕೆ ಆಗುತ್ತಲ್ಲ, ಹಾಗೇ ತಪ್ಪು ಹಿಂದಕ್ಕೆ ಹಂಚಿಕೆ ಆಗುತ್ತೆ. ತಪ್ಪು 2, ವೇಟ್ 3 ಮತ್ತು 1. ಒಬ್ಬನ ಪಾಲು 1.5, ಇನ್ನೊಬ್ಬನದು 0.5.

ಮಾಡೆಲ್ ಟ್ರೈನ್ ಮಾಡುವ ಎಂಜಿನಿಯರ್, ಬಳ್ಳಾರಿ:
ಸರ್, ಕಾಲುವೆ ಹೋಲಿಕೆ ಅರ್ಧ ದಾರಿ ಬರುತ್ತೆ, ಅಲ್ಲಿಗೇ ನಿಲ್ಲುತ್ತೆ. ನೀರನ್ನು ಹಂಚಿದರೆ ಒಟ್ಟು ಅಷ್ಟೇ ಇರುತ್ತೆ. ಇಲ್ಲಿ ಹಂಚೋದೇ ಇಲ್ಲ, ಪ್ರತಿ ದಾರಿಯಲ್ಲೂ ಗುಣಿಸೋದು.

ತಂಗಿ, ಮೊದಲು ಮುಂದಕ್ಕೆ ಹೋಗಿ. h1 = 1, h2 = 2, y = 3 - 2 = 1. ಔಟ್‌ಪುಟ್‌ನಲ್ಲಿ ತಪ್ಪು 1 - 3 = -2. ಮೈನಸ್ ಅಂದ್ರೆ y ಇನ್ನೂ ಏರಬೇಕಿತ್ತು ಅಂತ, ಅಷ್ಟೇ.

ಈಗ h1 ಜಾಗದಲ್ಲಿ ನಿಂತು ನೋಡಿ. ಅದಕ್ಕೆ ಸರಿ ಉತ್ತರ 3 ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಅದು ಚೂರು ಏರಿದರೆ y ಅದರ ಮೂರು ಪಟ್ಟು ಏರುತ್ತೆ, ಯಾಕಂದ್ರೆ v1 = 3. ಹಾಗಾಗಿ ಅದಕ್ಕೆ ತಲುಪೋ ಸುದ್ದಿ -2 × 3 = -6. h2 ಏರಿದರೆ y ಇಳಿಯುತ್ತೆ, ಅದಕ್ಕೆ -2 × -1 = +2. ನೋಡಿದ್ರಾ, ಒಬ್ಬನಿಗೆ "ಏರು", ಇನ್ನೊಬ್ಬನಿಗೆ "ಇಳಿ". ಒಂದೇ ತಪ್ಪು, ಎರಡು ವಿರುದ್ಧ ಸುದ್ದಿ. ಪಾಲು ಹಾಕಿದರೆ ಈ ಚಿಹ್ನೆಯೇ ಕಳೆದುಹೋಗುತ್ತೆ. ಕೂಡಿಸಿದರೂ -4, -2 ಅಲ್ಲ.

ಇನ್ನೊಂದು ಹೆಜ್ಜೆ ಹಿಂದೆ. w1 ಚೂರು ಏರಿದರೆ h1 ಅದರ ಎರಡು ಪಟ್ಟು ಏರುತ್ತೆ (x = 2 ಅಲ್ವಾ), ಹಾಗಾಗಿ -6 × 2 = -12. w2ಗೆ +4. ನಿಮ್ಮ ಗೆಳತಿ ಸರಿ.

ನಿಮ್ಮ -12.08 ಎಲ್ಲಿಂದ ಬಂತು ಅಂತ ಹೇಳಲಾ? v1 ಗ್ರೇಡಿಯಂಟ್ -2 × 1 = -2. ಲರ್ನಿಂಗ್ ರೇಟ್ 0.01 ಇಟ್ಟುಕೊಂಡು v1 ಅನ್ನು ಮೊದಲೇ 3.02 ಮಾಡಿಬಿಟ್ಟಿದ್ದೀರಿ. ಆಮೇಲೆ ಹೊಸ 3.02 ಹಿಡಿದು ಹಿಂದಕ್ಕೆ ಹೋಗಿದ್ದೀರಿ. y = 1 ಬಂದಿದ್ದು ಹಳೆ 3ರಿಂದ, ಹಿಂದಕ್ಕೆ ಹೋಗುವಾಗಲೂ ಅದೇ 3 ಬೇಕು. ಎಲ್ಲಾ ಗ್ರೇಡಿಯಂಟ್ ಬರೆದಿಟ್ಟ ಮೇಲೆ ಒಟ್ಟಿಗೆ ಬದಲಾಯಿಸಿ.

ಅನುಮಾನ ಬಂದರೆ ಸುಮ್ನೆ w1 ಅನ್ನು 0.51 ಮಾಡಿ, ಮುಂದಕ್ಕೆ ಮಾತ್ರ ಲೆಕ್ಕ ಹಾಕಿ. y = 1.06, ಲಾಸ್ 2ರಿಂದ 1.8818ಕ್ಕೆ ಇಳಿಯುತ್ತೆ. ಇಳಿದಿದ್ದನ್ನು 0.01ರಿಂದ ಭಾಗಿಸಿ: 11.82. 12ರ ಹತ್ತಿರ ಇದೆ. ಇನ್ನೂ ಸಣ್ಣ ಹೆಜ್ಜೆ ಇಟ್ಟರೆ ಇನ್ನೂ ಹತ್ತಿರ ಬರುತ್ತೆ. ನಾನು ಈಗಲೂ ಹೊಸ ಲೇಯರ್ ಬರೆದಾಗ ಇದನ್ನೇ ಮಾಡಿ ನೋಡೋದು.

ಉಪನ್ಯಾಸಕ, ರಾಯಚೂರು:
ಚಿಹ್ನೆ ವಿಷಯ ಒಪ್ಪಿದೆ. ಆದ್ರೆ ಪಾಲು ಅಂತ ಹೇಳಿದರೇ ನಮ್ಮ ಹುಡುಗರಿಗೆ ಬೇಗ ಹಿಡಿಯೋದು. ಅದನ್ನು ಬಿಡಲ್ಲ ಮೇಡಂ. ರೆಲು ಅಂದ್ರೆ ಗೇಟ್ ಅಂತಾದರೂ ಹೇಳಬಹುದಾ?

ಎಂಜಿನಿಯರ್, ಬಳ್ಳಾರಿ:
ಅದು ಬಹಳ ಚೆನ್ನಾಗಿ ಹೊಂದುತ್ತೆ. w2 = -1 ಇದ್ದಿದ್ದರೆ ರೆಲು ಒಳಗೆ ಬಂದಿದ್ದು -2, h2 = 0, ಗೇಟ್ ಬಂದ್. ಮುಂದಕ್ಕೆ ಏನೂ ಹೋಗಲಿಲ್ಲ, ಹಿಂದಕ್ಕೂ ಏನೂ ಬರಲ್ಲ. ತಪ್ಪು ಎಷ್ಟೇ ದೊಡ್ಡದಿದ್ದರೂ ಆ ಸಾಲಿನ ಡೇಟಾದಿಂದ w2 ಕಲಿಯೋದು ಸೊನ್ನೆ.

ಕೊಪ್ಪಳದಿಂದ ಒಬ್ಬರು:
ಅಕ್ಕ, ನಂದೂ ಇದೇ ಸಮಸ್ಯೆ ಅನ್ಸುತ್ತೆ. ಎಲ್ಲಾ ವೇಟೂ ಸೊನ್ನೆ ಇಟ್ಟು ಶುರು ಮಾಡಿದೆ. ಲಾಸ್ ಸ್ವಲ್ಪ ಇಳಿದು ನಿಂತುಬಿಟ್ಟಿತು. ಡೇಟಾ ಕಮ್ಮಿ ಇದೆ ಅಂತಾನಾ?

ಎಂಜಿನಿಯರ್, ಬಳ್ಳಾರಿ:
ಡೇಟಾ ಅಲ್ಲ ತಮ್ಮಾ. v ಸೊನ್ನೆ ಇದ್ದರೆ ಹಿಂದಕ್ಕೆ ಹೋಗೋ ಸುದ್ದಿ ಸೊನ್ನೆಯಿಂದ ಗುಣಿಸಿ ಸತ್ತುಹೋಗುತ್ತೆ. h ಸೊನ್ನೆ, ಹಾಗಾಗಿ v ಕೂಡ ಅಲ್ಲಾಡಲ್ಲ. ಇಳಿದಿದ್ದು ಔಟ್‌ಪುಟ್ ಬಯಾಸ್‌ನಿಂದ ಇರಬೇಕು. ಯಾವ ಇನ್‌ಪುಟ್ ಕೊಟ್ಟರೂ ಒಂದೇ ಉತ್ತರ ಬರ್ತಿದೆಯಾ ನೋಡು.

ಕೊಪ್ಪಳ:
ಹೌದು, ಎಲ್ಲದಕ್ಕೂ ಒಂದೇ! ಹಾಗಾದ್ರೆ ಎಲ್ಲಾ 0.5 ಇಡಲಾ?

ಎಂಜಿನಿಯರ್, ಬಳ್ಳಾರಿ:
ಆಗ ಎರಡೂ ನ್ಯೂರಾನ್‌ಗೆ ಒಂದೇ ಸುದ್ದಿ, ಒಂದೇ ಬದಲಾವಣೆ. ಅವಳಿ ಮಕ್ಕಳ ಥರ ಕೊನೆ ತನಕ ಒಂದೇ ಆಗಿ ಉಳಿಯುತ್ತವೆ, ಎರಡಿದ್ದೂ ಒಂದೇ ಇದ್ದ ಹಾಗೆ. ಬೇರೆ ಬೇರೆ ಸಣ್ಣ ಸಂಖ್ಯೆ ಇಡು.

ವಿದ್ಯಾರ್ಥಿನಿ, ಸಿಂಧನೂರು:
ಮತ್ತೆ ಮಾಡಿದೆ ಅಕ್ಕ. 0.01 ಇಟ್ಟು ನಾಲ್ಕೂ ವೇಟ್ ಒಟ್ಟಿಗೆ ಬದಲಾಯಿಸಿದರೆ y = 1.9016. ಖುಷಿಯಾಗಿ 0.1 ಹಾಕಿದೆ, 10.16 ಬಂತು! ಮತ್ತೆ ಎಲ್ಲೋ ತಪ್ಪಿದ್ನಾ?

ಎಂಜಿನಿಯರ್, ಬಳ್ಳಾರಿ:
ಲೆಕ್ಕ ಸರಿ ಇದೆ. -12 ಅನ್ನೋದು w1 = 0.5 ಹತ್ತಿರ ಮಾತ್ರ ನಿಜ. 0.1 ಹಾಕಿ ನೀವು ಅದನ್ನು 1.7ಕ್ಕೆ ಒಯ್ದಿರಿ, ಅದೇ ಏಟಿಗೆ v1 ಕೂಡ 3.2 ಆಯ್ತು. ಎರಡೂ ಒಂದನ್ನೊಂದು ಗುಣಿಸ್ತಾವಲ್ಲ, 3 ದಾಟಿ ಹಾರಿಹೋಯ್ತು. ಈಗ ಆ 10.16ರಿಂದ ಇನ್ನೊಂದು ಸಲ ಹಿಂದಕ್ಕೆ ಹೋಗಿ, 0.1 ಇಟ್ಟೇ. ಎರಡು ರೆಲು ಏನಾಗುತ್ತೆ ಅಂತ ಇಲ್ಲೇ ಬರೆಯಿರಿ.